ಫೋನೂ ಪಾಸ್‌ಪೋರ್ಟೂ ಒಂದೇ ಚೀಲದಲ್ಲಿ ಹೋದರೆ

ಪ್ರಶ್ನೆ: ಮುಂದಿನ ತಿಂಗಳು ಐದು ದಿನ ಬ್ಯಾಂಕಾಕ್‌ಗೆ ಹೊರಟಿದ್ದೇವೆ. ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿ ಮೊಬೈಲ್‌ನಲ್ಲಿ ಇಟ್ಟಿದ್ದೇನೆ, ಆಧಾರ್ ಡಿಜಿಲಾಕರ್‌ನಲ್ಲಿದೆ. ಅಲ್ಲಿ ಪಾಸ್‌ಪೋರ್ಟ್ ಕಳೆದರೆ ಇಷ್ಟು ಸಾಕಲ್ಲವೇ ಸರ್?

ಸಾಲದು. ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಎಡವಿರುವುದು ಒಂದೇ ಕಡೆ. ಪಾಸ್‌ಪೋರ್ಟ್ ಒಂದೇ ಕಳೆಯುವುದು ಕಡಿಮೆ. ಹೋಗುವುದು ಹೆಗಲಿನ ಚೀಲ. ಅದರಲ್ಲಿ ಪಾಸ್‌ಪೋರ್ಟ್, ಫೋನ್, ಪರ್ಸು ಮೂರೂ ಇರುತ್ತವೆ. ಫೋನಿನ ಜೊತೆ ಸಿಮ್ ಹೋಯಿತು. ಜೊತೆಗಿರುವವರ ಫೋನಿನಿಂದ ಡಿಜಿಲಾಕರ್ ತೆರೆಯಲು ಹೋದರೆ ಒಟಿಪಿ ಬರುವುದು ಕಳ್ಳನ ಕೈಯಲ್ಲಿರುವ ಆ ಸಿಮ್ಮಿಗೆ. ಇಮೇಲ್‌ಗೂ ಅದೇ ನಂಬರ್ ಕೊಟ್ಟಿದ್ದರೆ ಅದೂ ತೆರೆಯುವುದಿಲ್ಲ. ಸ್ಕ್ಯಾನ್ ಇದೆ, ಕೈಗೆ ಸಿಗುವುದಿಲ್ಲ.

ಆದ್ದರಿಂದ ಮೊದಲು ಕಾಗದ. ಎರಡು ಜೆರಾಕ್ಸ್ ಪ್ರತಿ ಮಾಡಿಸಿ: ಒಂದು ಹೋಟೆಲ್ ರೂಮಿನ ಸೂಟ್‌ಕೇಸಿನಲ್ಲಿ, ಇನ್ನೊಂದು ಜೊತೆಗೆ ಬರುವವರ ಚೀಲದಲ್ಲಿ. ಸ್ಕ್ಯಾನ್ ಪ್ರತಿಯನ್ನು ಊರಿನಲ್ಲಿರುವ, ಅಪರಾತ್ರಿಯಲ್ಲಿ ಮಾಡಿದರೂ ಫೋನ್ ಎತ್ತುವ ಒಬ್ಬರ ಹತ್ತಿರ ಇಡಿ. ಅವರ ನಂಬರ್ ನಿಮಗೆ ಬಾಯಿಪಾಠ ಇರಬೇಕು. ಎಲ್ಲರೂ ಫೋಟೊ ಇರುವ ಪುಟವನ್ನಷ್ಟೇ ಸ್ಕ್ಯಾನ್ ಮಾಡುತ್ತಾರೆ. ಕೊನೆಯ ಪುಟವೂ ಬೇಕು: ತಂದೆತಾಯಿಯ ಹೆಸರು, ವಿಳಾಸ, ಫೈಲ್ ನಂಬರ್ ಇರುವುದು ಅಲ್ಲಿ. ಆ ನಂಬರ್ ಇದ್ದರೆ ರಾಯಭಾರ ಕಚೇರಿಯವರಿಗೆ ನಿಮ್ಮ ಹಳೆಯ ದಾಖಲೆ ಹುಡುಕುವುದು ಸುಲಭ. ಇನ್ನೊಂದು ಕೆಲಸವನ್ನು ಹೊರಡುವ ಮೊದಲು ಮಾಡಲಾಗುವುದಿಲ್ಲ, ಅದಕ್ಕೇ ಎಲ್ಲರೂ ಮರೆಯುತ್ತಾರೆ. ಬ್ಯಾಂಕಾಕ್‌ನಲ್ಲಿ ಇಳಿದು ಇಮಿಗ್ರೇಷನ್ ಕೌಂಟರ್ ದಾಟಿದ ಕೂಡಲೇ, ಲಗೇಜ್ ಬರುವಷ್ಟರಲ್ಲಿ, ಪಾಸ್‌ಪೋರ್ಟಿನಲ್ಲಿ ಒತ್ತಿದ ಎಂಟ್ರಿ ಸ್ಟಾಂಪಿನ ಫೋಟೊ ತೆಗೆದು ಊರಿಗೆ ಕಳಿಸಿ. ಇದು ಯಾಕೆ ಬೇಕೆಂದು ಮುಂದೆ ಗೊತ್ತಾಗುತ್ತದೆ.

ಶನಿವಾರ ಮಧ್ಯಾಹ್ನ ಚತುಚಕ್ ಸಂತೆಯಲ್ಲಿ ಚೀಲ ಹೋಯಿತು, ಭಾನುವಾರ ರಾತ್ರಿ ವಾಪಸ್ ವಿಮಾನ ಎಂದುಕೊಳ್ಳಿ. ಮೊದಲು ಪೊಲೀಸ್ ದೂರು. 1155 ಥಾಯ್ಲೆಂಡಿನ ಟೂರಿಸ್ಟ್ ಪೊಲೀಸ್ ನಂಬರ್, ಇಂಗ್ಲಿಷಿನಲ್ಲಿ ಮಾತಾಡಬಹುದು. ಠಾಣೆಯಲ್ಲಿ ದೂರನ್ನು ಥಾಯ್ ಭಾಷೆಯಲ್ಲಿ ಬರೆದುಕೊಟ್ಟರೆ ನಿಮಗೆ ಓದಲು ಬಾರದು. ಆದರೆ ಪಾಸ್‌ಪೋರ್ಟ್ ನಂಬರ್ ಇಂಗ್ಲಿಷಿನಲ್ಲೇ ಇರುತ್ತದೆ. ಅದನ್ನು ಜೆರಾಕ್ಸ್ ಪ್ರತಿಯ ಪಕ್ಕ ಇಟ್ಟು ಒಂದೊಂದೇ ಅಕ್ಷರ ತಾಳೆ ನೋಡಿ. ಒಂದು ಅಂಕಿ ತಪ್ಪಿದ ದೂರು ಹಿಡಿದು ಸೋಮವಾರ ರಾಯಭಾರ ಕಚೇರಿಯ ಕೌಂಟರಿಗೆ ಬಂದವರನ್ನು ನಾನೇ ಠಾಣೆಗೆ ವಾಪಸ್ ಕಳಿಸಿದ್ದೇನೆ. ಅವರ ಮುಖ ನೋಡಲಾಗುತ್ತಿರಲಿಲ್ಲ. ಠಾಣೆಯ ಮುದ್ರೆ ಇಲ್ಲದೆ ಅಲ್ಲಿಂದ ಏಳಬೇಡಿ.

ವಾರದ ಕೊನೆಯಲ್ಲಿ ರಾಯಭಾರ ಕಚೇರಿ ಮುಚ್ಚಿರುತ್ತದೆ, ತುರ್ತು ನಂಬರ್ ಇರುತ್ತದೆ. ಅದನ್ನು ಊರಿನಿಂದಲೇ ಕಾಗದದ ಮೇಲೆ ಬರೆದುಕೊಂಡು ಹೋಗಿ. ನಮ್ಮ ರಾಯಭಾರ ಕಚೇರಿಗಳ ಅಧಿಕೃತ ವೆಬ್‌ಸೈಟಿನ ವಿಳಾಸ .gov.in ಎಂದು ಮುಗಿಯುತ್ತದೆ. ಗಾಬರಿಯಲ್ಲಿ ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ನಂಬರಿಗೆ ಫೋನ್ ಮಾಡಿದರೆ ಏಜೆಂಟ್ ಸಿಗುತ್ತಾನೆ. ‘ಇವತ್ತೇ ಪಾಸ್‌ಪೋರ್ಟ್ ಕೊಡಿಸ್ತೀನಿ’ ಎನ್ನುವವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಭಾನುವಾರದ ವಿಮಾನ ಸಿಗುವುದಿಲ್ಲ ಎಂದು ಒಪ್ಪಿಕೊಂಡು ಏರ್‌ಲೈನ್ಸ್‌ಗೆ ಅವತ್ತೇ ಫೋನ್ ಮಾಡಿ ದಿನಾಂಕ ಬದಲಿಸಿ. ಸುಮ್ಮನಿದ್ದರೆ ಟಿಕೆಟ್ ಪೂರ್ತಿ ಹೋಗುತ್ತದೆ.

ಸೋಮವಾರ ಬೆಳಿಗ್ಗೆ ಸುಖುಮ್ವಿತ್ ಸೋಯಿ 23ರಲ್ಲಿರುವ ನಮ್ಮ ರಾಯಭಾರ ಕಚೇರಿಗೆ ಹೋಗಿ. ನೀವು ಕೇಳಬೇಕಾದ್ದು ಹೊಸ ಪಾಸ್‌ಪೋರ್ಟ್ ಅಲ್ಲ, ಎಮರ್ಜೆನ್ಸಿ ಸರ್ಟಿಫಿಕೇಟ್. ಭಾರತಕ್ಕೆ ಒಂದು ಸಲ ವಾಪಸ್ ಬರಲು ಮಾತ್ರ ಕೊಡುವ ಪತ್ರ ಅದು. ಅರ್ಜಿ, ಪೊಲೀಸ್ ದೂರು, ಪಾಸ್‌ಪೋರ್ಟ್ ಜೆರಾಕ್ಸ್, ಬಿಳಿ ಹಿನ್ನೆಲೆಯ ಫೋಟೊಗಳು, ವಾಪಸ್ ಟಿಕೆಟ್ ಕೊಡಿ. ನೀವು ಭಾರತೀಯರೇ ಎಂದು ಅವರು ದಾಖಲೆ ನೋಡಿ ಖಚಿತ ಮಾಡಿಕೊಳ್ಳಬೇಕು. ಹೆಚ್ಚು ಹೊತ್ತು ಹಿಡಿಯುವುದು ಅದೇ. ಜೆರಾಕ್ಸ್ ತಂದವರ ಕೆಲಸ ಬೇಗ ಆಗುತ್ತದೆ. ಹೆಸರು, ಹುಟ್ಟಿದ ತಾರೀಖು ಮಾತ್ರ ಹೇಳುವವರದು ಎಳೆಯುತ್ತದೆ.

ಪತ್ರ ಕೈಗೆ ಬಂದ ಕೂಡಲೇ ಏರ್‌ಪೋರ್ಟಿಗೆ ಓಡುವವರೇ ಹೆಚ್ಚು. ಅದರಲ್ಲಿ ನೀವು ಥಾಯ್ಲೆಂಡಿನೊಳಗೆ ಬಂದ ಗುರುತೇ ಇಲ್ಲ! ಆ ಸ್ಟಾಂಪ್ ಹೋದದ್ದು ಚೀಲದ ಜೊತೆ. ಅಲ್ಲಿನ ಇಮಿಗ್ರೇಷನ್ ಕಚೇರಿ ನಿಮ್ಮ ಪ್ರವೇಶದ ದಾಖಲೆ ಹುಡುಕಿ ಹೊಸ ಪತ್ರದ ಮೇಲೆ ನಮೂದಿಸಬೇಕಾಗುತ್ತದೆ. ಇಳಿದ ದಿನ ತೆಗೆದ ಫೋಟೊ ಆಗ ಕೆಲಸಕ್ಕೆ ಬರುತ್ತದೆ. ಯಾವ ಕಚೇರಿಗೆ ಹೋಗಬೇಕೆಂದು ರಾಯಭಾರ ಕಚೇರಿಯ ಕೌಂಟರಿನಲ್ಲೇ ಕೇಳಿಕೊಳ್ಳಿ. ಚೇಂಗ್ ವಟ್ಟಾನದ ಮುಖ್ಯ ಕಚೇರಿ ಊರಿನ ಉತ್ತರಕ್ಕೆ ದೂರದಲ್ಲಿದೆ. ಅದೇ ದಿನ ಸಂಜೆಯ ವಿಮಾನ ಹಿಡಿಯುವ ಆಸೆ ಬಿಡಿ. ಟಿಕೆಟ್ ಬದಲಿಸುವಾಗ ನೇರ ಬೆಂಗಳೂರಿನ ವಿಮಾನವನ್ನೇ ಆರಿಸಿ, ದುಡ್ಡು ಹೆಚ್ಚಾದರೂ ಸರಿ. ಎಮರ್ಜೆನ್ಸಿ ಸರ್ಟಿಫಿಕೇಟ್ ಹಿಡಿದವರನ್ನು ಮೂರನೆಯ ದೇಶದ ಮೂಲಕ ಕರೆದೊಯ್ಯಲು ಏರ್‌ಲೈನ್ಸ್ ಒಪ್ಪದೆ ಇರಬಹುದು. ಊರಿಗೆ ಬಂದ ಮೇಲೆ ಹೊಸ ಪಾಸ್‌ಪೋರ್ಟಿಗೆ ‘ಕಳೆದುಹೋಗಿದೆ’ ಎಂಬ ಕಾರಣ ಕೊಟ್ಟು ಅರ್ಜಿ ಹಾಕಿ. ಥಾಯ್ ಪೊಲೀಸ್ ದೂರಿನ ಪ್ರತಿಯನ್ನು ಅಲ್ಲಿವರೆಗೂ ಜೋಪಾನ ಮಾಡಿ.

ಪ್ರಶ್ನೆ: ಕಳೆದಿದೆ ಎಂದು ದೂರು ಕೊಟ್ಟ ಮೇಲೆ ಪಾಸ್‌ಪೋರ್ಟ್ ಸೂಟ್‌ಕೇಸಿನಲ್ಲೇ ಸಿಕ್ಕಿತು. ಬಳಸಬಹುದೇ?

ಬಳಸಬೇಡಿ. ಪಾಸ್‌ಪೋರ್ಟ್ ಅಧಿಕಾರಿಗಳು ರದ್ದು ಮಾಡಿದ ನಂಬರ್ ಇಂಟರ್‌ಪೋಲ್‌ನ ಕಳೆದ, ಕಳವಾದ ಪಾಸ್‌ಪೋರ್ಟುಗಳ ಪಟ್ಟಿಗೆ ಹೋಗುತ್ತದೆ. ಹಲವು ದೇಶಗಳ ಗಡಿಯಲ್ಲಿ ಅದನ್ನು ನೋಡುತ್ತಾರೆ. ಸಿಕ್ಕಿದ್ದನ್ನು ರಾಯಭಾರ ಕಚೇರಿಗೆ ಒಪ್ಪಿಸಿ. ದೂರು ಕೊಡುವ ಮೊದಲೇ ಸೂಟ್‌ಕೇಸ್ ಬೋರಲು ಹಾಕಿ ಹುಡುಕಿ.

ಪ್ರಶ್ನೆ: ‘ಕಳೆದುಹೋಯಿತು’ ಎನ್ನುವ ಬದಲು ‘ಕಳವಾಯಿತು’ ಎಂದರೆ ಬೇಗ ಸಿಗುತ್ತದಂತೆ, ಹೌದೇ?

ಸುಳ್ಳು. ಹೀಗೆ ಹೇಳಿಕೊಡುವವರ ಮಾತು ಕೇಳಿ ಅರ್ಜಿಯಲ್ಲಿ ಸುಳ್ಳು ಬರೆದರೆ ಅದು 1967ರ ಪಾಸ್‌ಪೋರ್ಟ್ ಕಾಯ್ದೆಯ 12ನೇ ಕಲಮಿನಡಿ ಅಪರಾಧ. ಎಲ್ಲಿ, ಹೇಗೆ ಹೋಯಿತೋ ಹಾಗೇ ಬರೆಯಿರಿ.

ಪ್ರಶ್ನೆ: ಸ್ಕೂಟರ್ ಬಾಡಿಗೆಗೆ ಕೊಡುವವರು ಪಾಸ್‌ಪೋರ್ಟ್ ಅಡ ಇಟ್ಟುಕೊಳ್ಳುತ್ತಾರೆ. ಕೊಡಬಹುದೇ?

ಕೊಡಬೇಡಿ. ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಅಡ ಇಡಲು ಅದು ನಿಮ್ಮದಲ್ಲ. ಜೆರಾಕ್ಸ್ ಮತ್ತು ಮುಂಗಡ ದುಡ್ಡು ಒಪ್ಪುವ ಅಂಗಡಿ ಹುಡುಕಿ.

ಪ್ರಶ್ನೆ: ಮಗ ಅಮೆರಿಕದಲ್ಲಿ ಎಚ್-1ಬಿ ಮೇಲೆ ಇದ್ದಾನೆ. ವೀಸಾ ಇದ್ದ ಪಾಸ್‌ಪೋರ್ಟ್ ಕಳೆದಿದೆ. ಕೂಡಲೇ ದೇಶ ಬಿಡಬೇಕೇ?

ಬೇಡ. ಅವನು ಅಲ್ಲಿ ಇರಲು ಆಧಾರ ಐ-94 ದಾಖಲೆ; ಅದನ್ನು i94.cbp.dhs.gov ನಲ್ಲಿ ನೋಡಿ ಪ್ರಿಂಟ್ ತೆಗೆದಿಟ್ಟುಕೊಳ್ಳಲಿ. ಅವನು ಎಮರ್ಜೆನ್ಸಿ ಸರ್ಟಿಫಿಕೇಟ್ ಕೇಳಬಾರದು, ಹೊಸ ಪಾಸ್‌ಪೋರ್ಟಿಗೇ ಅರ್ಜಿ ಹಾಕಬೇಕು. ಕಳೆದ ವೀಸಾ ಅಮೆರಿಕದೊಳಗೆ ಮತ್ತೆ ಸಿಗುವುದಿಲ್ಲ. ಮುಂದಿನ ಸಲ ಊರಿಗೆ ಬಂದರೆ ಹೊಸ ವೀಸಾ ಆದ ಮೇಲೇ ವಾಪಸ್ ಹೋಗಬೇಕಾಗುತ್ತದೆ, ಆದ್ದರಿಂದ ಮದುವೆ, ಹಬ್ಬ ಎಂದು ಟಿಕೆಟ್ ಮಾಡಿಸುವ ಮುನ್ನ ಇಲ್ಲಿನ ಕಾನ್ಸುಲೇಟಿನಲ್ಲಿ ವೀಸಾ ಸಂದರ್ಶನದ ದಿನಾಂಕ ಸಿಗುತ್ತದೆಯೇ ನೋಡಿಕೊಳ್ಳಲಿ.

ಪ್ರಶ್ನೆ: ಟೂರ್‌ನವರು ಎಲ್ಲರ ಪಾಸ್‌ಪೋರ್ಟ್ ಸ್ಕ್ಯಾನ್‌ಗಳನ್ನು ವಾಟ್ಸಾಪ್ ಗ್ರೂಪಿಗೆ ಹಾಕಿ ಎನ್ನುತ್ತಾರೆ.

ಹಾಕಬೇಡಿ. ನಲವತ್ತು ಜನರ ಫೋನಿಗೆ ಇಳಿದ ನಿಮ್ಮ ಹುಟ್ಟಿದ ತಾರೀಖು, ವಿಳಾಸ, ಸಹಿಯನ್ನು ಮತ್ತೆ ವಾಪಸ್ ತರಲಾಗುವುದಿಲ್ಲ. ಬೇಕಾದ ಒಬ್ಬರಿಗೆ ಮಾತ್ರ ಕಳಿಸಿ, ಪ್ರತಿಯ ಮೇಲೆ ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟಿದ್ದು ಎಂದು ಅಡ್ಡ ಬರೆದು ಕಳಿಸಿ. ಆಧಾರ್ ಕೇಳಿದರೆ ಮೊದಲ ಎಂಟು ಅಂಕಿ ಮುಚ್ಚಿರುವ ಮಾಸ್ಕ್ಡ್ ಆಧಾರ್ ಕೊಡಿ.