ಕಬ್ಬಿಣದ ಮೊಳೆ, ಮೈಲುತುತ್ತ: ವೈಟ್‌ಬೋರ್ಡ್ ವಿಡಿಯೋದಲ್ಲಿ ಯಾವುದು ಮೊದಲು ಬರಬೇಕು?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆ ಹೈಸ್ಕೂಲ್ ಮೇಷ್ಟ್ರು. ಹತ್ತನೇ ಕ್ಲಾಸಿನ ಸ್ಥಾನಪಲ್ಲಟ ಕ್ರಿಯೆಗೆ, ಅಂದ್ರೆ ಕಬ್ಬಿಣದ ಮೊಳೆ ಮತ್ತು ತಾಮ್ರದ ಸಲ್ಫೇಟ್ ಪ್ರಯೋಗಕ್ಕೆ, ಬೋರ್ಡ್ ಮೇಲೆ ಕೈಯಲ್ಲಿ ಬಿಡಿಸೋ ವಿಡಿಯೋ ಮಾಡ್ತಿದ್ದೇನೆ. ಮಕ್ಕಳು ಕೈ ನೋಡ್ತಾ ಕೂರ್ತಾರೆ, ಮಾತು ಕಿವಿಗೆ ಬೀಳಲ್ಲ. ಯಾವುದನ್ನು ಮೊದಲು ಬಿಡಿಸಬೇಕು, ಎಷ್ಟು ನಿಧಾನ ಮಾತಾಡಬೇಕು?

ಉತ್ತರ: ಮೇಷ್ಟ್ರೇ, ಮೊದಲು ಸಮೀಕರಣವನ್ನು ಕೊನೆಗೆ ತಳ್ಳಿ. ಹೆಚ್ಚಿನವರು ಬೋರ್ಡ್ ಮೇಲೆ Fe + CuSO₄ ಬರೆದೇ ಶುರು ಮಾಡುತ್ತಾರೆ. ಆಗ ಮಕ್ಕಳಿಗೆ ಉತ್ತರ ಕೈಗೆ ಸಿಕ್ಕಿಬಿಡುತ್ತದೆ. ಮುಂದಿನ ಚಿತ್ರಕ್ಕೆ ಕಾಯುವ ಕಾರಣವೇ ಇರುವುದಿಲ್ಲ.

ನಿಮ್ಮ ಊರಿನ ಮಕ್ಕಳಿಗೆ ಈ ಕ್ರಿಯೆ ಹೊಸದೂ ಅಲ್ಲ. ಕೊಳೆರೋಗಕ್ಕೆ ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ನೋಡಿಯೇ ಇರುತ್ತಾರೆ. ಮೈಲುತುತ್ತ, ಅಂದರೆ ನಿಮ್ಮ ತಾಮ್ರದ ಸಲ್ಫೇಟೇ, ಸುಣ್ಣದ ಜೊತೆ ಕಲಸಿದ ದ್ರಾವಣ ಅದು. ದ್ರಾವಣ ಕಲಸಿದ ಮೇಲೆ ಹೊಳೆಯುವ ಚಾಕುವನ್ನೋ ಕತ್ತಿಯನ್ನೋ ಒಂದು ನಿಮಿಷ ಅದ್ದಿ ನೋಡುವ ಕ್ರಮ ಇದೆಯಲ್ಲ? ಕೆಂಪು ಕಂದು ಬಣ್ಣ ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು ಎಂದು ಅರ್ಥ. ಚಾಕುವಿಗೆ ಹತ್ತಿದ್ದು ತಾಮ್ರ. ನಿಮ್ಮ ಪಾಠದಲ್ಲಿರುವ ಕ್ರಿಯೆಯೇ ಅದು. ಹಾಗಾಗಿ ವಿಡಿಯೋ ಅಲ್ಲಿಂದ ಶುರುವಾಗಲಿ: ಬೋರ್ಡಿನ ಎಡ ಮೂಲೆಯಲ್ಲಿ ಚಿಕ್ಕದಾಗಿ ಒಂದು ಡ್ರಮ್ಮು, ಒಂದು ಚಾಕು, ಚಾಕುವಿನ ತುದಿಗೆ ಕಂದು ಬಣ್ಣ. ಸುಣ್ಣವನ್ನು ಬಿಡಿಸಬೇಡಿ, ಮಾತಿನಲ್ಲಿ ಒಂದು ಸಾಲು ಸಾಕು. ಬಿಡಿಸಿದರೆ ಇಡೀ ಪಾಠ ಮುಗಿಯುವವರೆಗೂ ಅದು ಬೋರ್ಡ್ ಮೇಲೆ ಇರುತ್ತದೆ, ಮಕ್ಕಳು ಸಮೀಕರಣದಲ್ಲೂ ಸುಣ್ಣ ಹುಡುಕುತ್ತಾರೆ.

ಆಮೇಲೆ ಪ್ರನಾಳಗಳು. ಇಲ್ಲಿ ಒಂದು ತೊಡಕಿದೆ. ಬೋರ್ಡ್ ಮೇಲೆ ಬಣ್ಣ ಮಾಸುವುದನ್ನು ತೋರಿಸಲು ಆಗುವುದಿಲ್ಲ. ಬಿಡಿಸಿದ ನೀಲಿಯನ್ನು ಒರೆಸಿ ತಿಳಿಯಾಗಿ ಬಿಡಿಸಿದರೆ ಮೊದಲಿನದು ಹೇಗಿತ್ತು ಎಂದು ಹೋಲಿಸಲು ಏನೂ ಉಳಿಯುವುದಿಲ್ಲ. ಪಠ್ಯದ ಪ್ರಯೋಗದಲ್ಲಿ ಎರಡು ಪ್ರನಾಳ ಇಡುವುದು, ಒಂದು ಮೊಳೆಯನ್ನು ಅದ್ದದೆ ಪಕ್ಕಕ್ಕಿಡುವುದು ಹೋಲಿಕೆಗೇ ಅಲ್ವಾ? ನೀವೂ ಹಾಗೇ ಮಾಡಿ. ಮೊದಲು ನೀಲಿ ಪ್ರನಾಳ, ಪಕ್ಕದಲ್ಲಿ ಉಜ್ಜಿ ಹೊಳಪಾದ ಮೊಳೆ. ಸ್ವಲ್ಪ ಜಾಗ ಬಿಟ್ಟು '20 ನಿಮಿಷ' ಎಂದು ಬರೆಯಿರಿ. ಅದರಾಚೆ ಎರಡನೇ ಪ್ರನಾಳ, ಅದರೊಳಗೆ ಮೊಳೆ. ಎರಡನೆಯದಕ್ಕೆ ಗಾಢ ಹಸಿರು ತುಂಬಬೇಡಿ. 20 ನಿಮಿಷಕ್ಕೆ ನೀಲಿ ಮಾಸಿರುತ್ತದೆ, ಅಷ್ಟೇ. ಪಚ್ಚೆ ಹಸಿರು ತೋರಿಸಿದರೆ ನಾಳೆ ಲ್ಯಾಬಿನಲ್ಲಿ 'ಸರ್, ನಮ್ಮದು ಸರಿ ಬರಲಿಲ್ಲ' ಎನ್ನುತ್ತಾರೆ.

ಮೊಳೆಗೆ ಕಂದು ಬಣ್ಣ ಬಳಿದ ಕೂಡಲೇ ಕೈ ತೆಗೆಯಿರಿ. ಮೂರು ಸೆಕೆಂಡ್ ಮಾತೂ ಬೇಡ. ಮಲೆನಾಡಿನ ಮಳೆಯಲ್ಲಿ ಬೆಳೆದ ಮಕ್ಕಳಿಗೆ ಕಂದು ಮೊಳೆ ಎಂದರೆ ತುಕ್ಕು. ಆ ಯೋಚನೆ ಬರಲು ಜಾಗ ಬಿಟ್ಟು, ಆಮೇಲೆ ಹೇಳಿ: "ತುಕ್ಕು ಅಂದ್ಕೊಂಡ್ರಾ? ತುಕ್ಕು ಹಿಡಿಯೋಕೆ ದಿನಗಟ್ಟಲೆ ಬೇಕು. ಚಾಕುವಿಗೆ ಒಂದೇ ನಿಮಿಷ ಸಾಕಾಯ್ತು. ನೀರಿನ ನೀಲಿ ಯಾಕೆ ಕಮ್ಮಿಯಾಯ್ತು?" ಕೊನೆಯ ಪ್ರಶ್ನೆಯೇ ಮುಂದಿನ ಚಿತ್ರಕ್ಕೆ ಬಾಗಿಲು. ನೀಲಿ ಬಂದದ್ದು ನೀರಿನಲ್ಲಿರುವ ತಾಮ್ರದ ಅಯಾನಿನಿಂದ. ಅದು ಕಮ್ಮಿಯಾಗಿ ಮೊಳೆ ಮೇಲೆ ಏನೋ ಕೂತಿದೆ ಎಂದರೆ, ಕೂತದ್ದು ಏನು ಎಂದು ಮಕ್ಕಳೇ ಹೇಳಬಲ್ಲರು.

ಈಗ ಬೋರ್ಡಿನ ನಡು ಭಾಗ. ಇದಕ್ಕೆ ಜಾಸ್ತಿ ಸಮಯ ಕೊಡಿ. ಒಂದು ಉದ್ದ ಗೆರೆ ಎಳೆದು 'ಮೊಳೆಯ ಅಂಚು' ಎನ್ನಿ. ಗೆರೆಯ ಮೇಲೆ Fe. ನೀರಿನ ಕಡೆ Cu²⁺, ಅದರಿಂದ ತುಸು ದೂರ SO₄²⁻. ಇನ್ನು ಮುಂದೆ ಒಂದು ವಾಕ್ಯಕ್ಕೆ ಒಂದೇ ಗೀಟು. "ಕಬ್ಬಿಣ ಎರಡು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ" ಎನ್ನುವಾಗ ಎರಡು ಚುಕ್ಕಿ. "ತಾಮ್ರದ ಅಯಾನು ಅವನ್ನು ತಗೊಳ್ಳುತ್ತದೆ" ಎನ್ನುವಾಗ ಬಾಣ. "ತಾಮ್ರವಾಗಿ ಮೊಳೆಗೆ ಅಂಟುತ್ತದೆ" ಎನ್ನುವಾಗ ಗೆರೆಗೆ ಹತ್ತಿದಂತೆ ಕಂದು ಬಣ್ಣದ Cu. "ಎಲೆಕ್ಟ್ರಾನ್ ಕಳಕೊಂಡ ಕಬ್ಬಿಣ ನೀರಿಗಿಳಿಯುತ್ತದೆ" ಎನ್ನುವಾಗ ನೀರಿನಲ್ಲಿ Fe²⁺. ಸಲ್ಫೇಟ್ ಹತ್ತಿರ ಮಾತ್ರ ಕೈ ಹೋಗಲೇಬಾರದು. ಕೊನೆಗೆ "ಸಲ್ಫೇಟನ್ನು ಯಾರೂ ಮುಟ್ಟಲೇ ಇಲ್ಲ ನೋಡಿ" ಎಂದುಬಿಡಿ. ಸಮೀಕರಣದ ಎರಡೂ ಕಡೆ ಅದು ಯಾಕೆ ಹಾಗೇ ಇದೆ ಎಂದು ಬೇರೆ ವಿವರಿಸುವ ಕೆಲಸ ತಪ್ಪುತ್ತದೆ.

ಸಮೀಕರಣ ಬಲಗಡೆಗೆ. ಎಡಭಾಗ ಬರೆದು, ಬಾಣ ಹಾಕಿ, ನಿಲ್ಲಿ. ನಾಲ್ಕು ಸೆಕೆಂಡ್ ಬಿಟ್ಟು FeSO₄ + Cu ಬರೆಯಿರಿ.

ಇನ್ನು ವೇಗ. ಮೊದಲು ಧ್ವನಿ ರೆಕಾರ್ಡ್ ಮಾಡಿ, ಆಮೇಲೆ ಚಿತ್ರವನ್ನು ಅದಕ್ಕೆ ಹೊಂದಿಸಿ. ಬಿಡಿಸುತ್ತಾ ಮಾತಾಡಿದರೆ ಕೈ ತಡವಾದಾಗಲೆಲ್ಲ ಮಾತು ಎಳೆಯುತ್ತದೆ. ಇಂಗ್ಲಿಷ್ ವಿಡಿಯೋಗಳಿಗೆ ಹೇಳುವ ನಿಮಿಷಕ್ಕೆ 140, 150 ಪದದ ಲೆಕ್ಕ ನಮಗೆ ಹೊಂದುವುದಿಲ್ಲ. ಕನ್ನಡದ ಪದಗಳು ಉದ್ದ. ಪಾಠಕ್ಕೆ 80ರಿಂದ 90 ನನಗೆ ಸರಿ ಅನ್ನಿಸುತ್ತದೆ. ಮೂರು ನಿಮಿಷದ ವಿಡಿಯೋಗೆ 180 ಪದ ಬರೆದುಕೊಳ್ಳಿ. ಮಿಕ್ಕ ಸಮಯವೆಲ್ಲ ಮೌನಕ್ಕೆ ಬೇಕಾಗುತ್ತದೆ. ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಮಾತ್ರ ರೆಕಾರ್ಡಿಂಗ್‌ಗೆ ಕೂರಬೇಡಿ, ನಿಮ್ಮ ಮೌನವನ್ನೆಲ್ಲ ಮಳೆಯೇ ತುಂಬಿಬಿಡುತ್ತದೆ.

ಧ್ವನಿ ಕೇಳುತ್ತಾ 'ಚುಕ್ಕಿ', 'ಬಾಣ' ಎಲ್ಲ ಯಾವ ಸೆಕೆಂಡಿಗೆ ಬರಬೇಕು ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಕೈ ಆ ಮಾತಿಗಿಂತ ಅರೆ ಸೆಕೆಂಡ್ ಮೊದಲು ಶುರುವಾಗಿ ವಾಕ್ಯದ ಜೊತೆಗೇ ಮುಗಿಯಬೇಕು. ಪ್ರನಾಳ ಬಿಡಿಸಲು 20 ಸೆಕೆಂಡ್ ಹಿಡಿದರೆ ನಾಲ್ಕು ಪಟ್ಟು ಓಡಿಸಿ, ಐದು ಸೆಕೆಂಡಿಗೆ ಇಳಿಸಿ. ಅದರ ಆಕಾರ ಮಕ್ಕಳಿಗೆ ಗೊತ್ತೇ ಇದೆ. ಚುಕ್ಕಿ, ಬಾಣ, ಸಮೀಕರಣಗಳನ್ನು ಮಾತ್ರ ಓಡಿಸಬೇಡಿ. ಅವು ಕೈಯ ಸಹಜ ವೇಗದಲ್ಲೇ ಇರಲಿ. ಬೋರ್ಡ್ ಮೇಲೆ ಅಕ್ಷರ ಬರೆಯುವಾಗ ಅದನ್ನೇ ಹೇಳಿ, ಇಲ್ಲವೇ ಸುಮ್ನಿರಿ. ಮಕ್ಕಳು ಒಂದನ್ನು ಓದುತ್ತಾ ಇನ್ನೊಂದನ್ನು ಕೇಳಿಸಿಕೊಳ್ಳಲಾರರು. ನಿಮ್ಮ ಮಾತು ಕಿವಿಗೆ ಬೀಳದಿರುವುದಕ್ಕೆ ಬಹುಶಃ ಇದೇ ಕಾರಣ.

ಕ್ಲಾಸಿಗೆ ತೋರಿಸುವ ಮೊದಲು ಇಬ್ಬರು ಮಕ್ಕಳಿಗೆ ತೋರಿಸಿ. ಬಾಣ ಹಾಕಿದಲ್ಲಿ ವಿಡಿಯೋ ನಿಲ್ಲಿಸಿ, ಬಲಗಡೆ ಏನು ಬರುತ್ತದೆ ಎಂದು ಕೇಳಿ. 'ತುಕ್ಕು' ಎಂದರೆ ಪ್ರನಾಳದ ಹತ್ತಿರದ ಮೌನ ಸಾಲದು, ಅಲ್ಲಿ ಎರಡು ಮೂರು ಸೆಕೆಂಡ್ ಸೇರಿಸಿ. 'ತಾಮ್ರ' ಎಂದಷ್ಟೇ ಹೇಳಿ FeSO₄ ಮರೆತರೆ, Fe²⁺ ನೀರಿಗಿಳಿಯುವ ಗೀಟು ತೀರಾ ಬೇಗ ಮುಗಿದಿದೆ. ಅದೊಂದನ್ನೇ ಮತ್ತೆ ಬಿಡಿಸಿ ಸೇರಿಸಿದರೆ ಸಾಕು, ಧ್ವನಿ ಮುಟ್ಟಬೇಕಾಗಿಲ್ಲ.