ರಜೆ ಅರ್ಜಿಯಲ್ಲಿ ಎಷ್ಟು ಹೇಳಬೇಕು?

ಸಂಪಾದಕರಿಗೆ ನಮಸ್ಕಾರ. ಊರು ಇಂಡಿ ತಾಲ್ಲೂಕು. ಹನ್ನೊಂದು ವರ್ಷದಿಂದ ಪುಣೆಯ ಭೋಸರಿಯಲ್ಲಿ ಕಾರ್ಖಾನೆ ಕೆಲಸ. ದಿನವೂ ಕುಡಿಯುತ್ತೇನೆ. 35 ದಿನ ಕೇಂದ್ರದಲ್ಲೇ ಇದ್ದು ಚಿಕಿತ್ಸೆ ಪಡೆಯಲು ವೈದ್ಯರು ಹೇಳಿದ್ದಾರೆ. ಸೋಮವಾರದ ಗೈರುಹಾಜರಿಗೆ ಎರಡು ಮೆಮೊ ಬಂದಿವೆ. ಗಳಿಕೆ ರಜೆ 19, ಅನಾರೋಗ್ಯ ರಜೆ 7 ಉಳಿದಿವೆ. ಅರ್ಜಿಯಲ್ಲಿ ಕಾಮಾಲೆ ಎಂದು ಬರೆದುಬಿಡಲೇ?
– ಹೆಸರು ಬೇಡ, ಪುಣೆ

ಕಾಮಾಲೆ ಎಂದು ಬರೆಯಬೇಡಿ. ಈ ಪತ್ರಿಕೆಗೆ ಬರುವ ಮುಂಚೆ ನಾನು ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿದ್ದೆ. ಅಲ್ಲೊಬ್ಬರು ನೀವು ಯೋಚಿಸಿದಂತೆಯೇ ಬರೆದು ಹೋದರು. ಮರಳಿ ಬಂದಾಗ ಫಿಟ್‌ನೆಸ್ ಪ್ರಮಾಣಪತ್ರ ಕೇಳಿದೆವು. ಅವರು ತಂದ ಕಾಗದದ ತಲೆಯಲ್ಲೇ ವ್ಯಸನಮುಕ್ತಿ ಕೇಂದ್ರದ ಹೆಸರಿತ್ತು. ಕುಡಿತವನ್ನು ಯಾರೂ ಎತ್ತಲಿಲ್ಲ. ಸುಳ್ಳು ಮಾಹಿತಿ ಕೊಟ್ಟರೆಂದು ಆರೋಪಪಟ್ಟಿ ಹೋಯಿತು. ಅದನ್ನು ಟೈಪು ಮಾಡಿಸಿದವನು ನಾನು. ಹಸನಾಗಿ ಕ್ಷೌರ ಮಾಡಿಕೊಂಡು, ನಡುಗದ ಕೈಯಲ್ಲಿ ಅದಕ್ಕೆ ಸಹಿ ಹಾಕಿದ ಆ ಮನುಷ್ಯ ಇನ್ನೂ ನನ್ನ ಕಣ್ಣ ಮುಂದಿದ್ದಾರೆ.

ಹಾಗೆಂದು ಎಲ್ಲವನ್ನೂ ತೋಡಿಕೊಳ್ಳುವುದೂ ಬೇಡ. ಪಶ್ಚಾತ್ತಾಪದ ಭರದಲ್ಲಿ ಜನ ‘ರಾತ್ರಿ ಪಾಳಿಗೆ ಎಷ್ಟೋ ಸಲ ಕುಡಿದೇ ಬಂದಿದ್ದೇನೆ, ಕ್ಷಮಿಸಿ’ ಎಂದು ಬರೆಯುತ್ತಾರೆ. ಕೆಲಸದ ಜಾಗದಲ್ಲಿ ಕುಡಿದಿರುವುದು ದುರ್ನಡತೆ. ಆ ಒಂದು ಸಾಲು ನಿಮ್ಮ ಕೈಯಾರೆ ಬರೆದುಕೊಟ್ಟ ತಪ್ಪೊಪ್ಪಿಗೆಯಾಗಿ ಕಡತದಲ್ಲಿ ಉಳಿಯುತ್ತದೆ. ಮೆಮೊಗಳ ವಿಷಯವನ್ನೂ ಇಲ್ಲಿ ಎತ್ತಬೇಡಿ, ಅವುಗಳಿಗೆ ಉತ್ತರ ಬೇರೆ ಕಾಗದದಲ್ಲಿ ಹೋಗಲಿ. ಅರ್ಜಿಯಲ್ಲಿ ಕಾಯಿಲೆ ಮತ್ತು ಚಿಕಿತ್ಸೆ ಮಾತ್ರ ಇರಲಿ:

‘ನನಗೆ ಮದ್ಯ ಅವಲಂಬನೆಯ ಕಾಯಿಲೆ ಇದೆ ಎಂದು ವೈದ್ಯರು ಗುರುತಿಸಿದ್ದಾರೆ. ಒಳರೋಗಿಯಾಗಿ 35 ದಿನ ಚಿಕಿತ್ಸೆ ಪಡೆಯಲು ಸಲಹೆ ನೀಡಿದ್ದಾರೆ. ವೈದ್ಯರ ಪತ್ರ ಮತ್ತು ದಾಖಲಾತಿ ದಿನಾಂಕದ ಪತ್ರ ಲಗತ್ತಿಸಿದ್ದೇನೆ. 19 ದಿನ ಗಳಿಕೆ ರಜೆ, 7 ದಿನ ಅನಾರೋಗ್ಯ ರಜೆ, ಉಳಿದ 9 ದಿನ ವೇತನರಹಿತ ರಜೆ ಮಂಜೂರು ಮಾಡಬೇಕಾಗಿ ವಿನಂತಿ. ಫಿಟ್‌ನೆಸ್ ಪ್ರಮಾಣಪತ್ರದೊಂದಿಗೆ ಕೆಲಸಕ್ಕೆ ಹಾಜರಾಗುತ್ತೇನೆ. ಈ ಮಾಹಿತಿಯನ್ನು ಗೋಪ್ಯವಾಗಿಡಲು ಕೋರುತ್ತೇನೆ.’

ರಜೆಯ ನಡುವಿನ ವಾರದ ರಜಾದಿನಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೋ ಇಲ್ಲವೋ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಹಿಡಿಯದಿದ್ದರೆ ವೇತನರಹಿತ ದಿನಗಳು ಕಡಿಮೆಯಾಗುತ್ತವೆ. ಕೇಳಿಯೇ ಅಂಕಿ ಹಾಕಿ.

ಗೋಪ್ಯತೆಯ ಸಾಲು ಏಕೆಂದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿದೆ. ಚಿಕಿತ್ಸೆ ಕೊಡುವವರು ನಿಮ್ಮ ವಿಷಯ ಹೊರಗೆ ಬಿಡದಂತೆ ಅದು ಕಟ್ಟಿಹಾಕುತ್ತದೆ. ಆದರೆ ಆ ಕಟ್ಟು ವೈದ್ಯರಿಗೆ. ನೀವೇ ಕಂಪನಿಗೆ ಬರೆದುಕೊಟ್ಟದ್ದನ್ನು ಗುಮಾಸ್ತರೊಬ್ಬರು ಚಹಾದ ಹೊತ್ತಿನಲ್ಲಿ ಹರಡಿದರೆ ಅದು ಅಷ್ಟು ಸುಲಭವಾಗಿ ನೆರವಿಗೆ ಬರುವುದಿಲ್ಲ. ಆದ್ದರಿಂದ ಅರ್ಜಿಯನ್ನು ಮುಚ್ಚಿದ ಲಕೋಟೆಯಲ್ಲಿ ಸಿಬ್ಬಂದಿ ವ್ಯವಸ್ಥಾಪಕರ ಕೈಗೇ ಕೊಡಿ. ಮೇಲ್ವಿಚಾರಕರಿಗೆ ‘ಆಸ್ಪತ್ರೆಯಲ್ಲಿದ್ದು ಚಿಕಿತ್ಸೆ’ ಎಂದರೆ ಸಾಕು. ಅದು ನಿಜವೂ ಹೌದು.

ನಿಮ್ಮ ಪತ್ರದಲ್ಲಿಲ್ಲದ ಒಂದು ವಿಷಯಕ್ಕೇ ನನಗೆ ಹೆಚ್ಚು ಭಯ. ತಿಂಗಳ ಕೊನೆಯ ಮಾಲು ಸಾಗಿಸಿ ಹೋಗಿ ಎಂದು ಕಂಪನಿ ದಿನ ಮುಂದೂಡಬಹುದು. ಆಗ ‘ಅಲ್ಲಿಯವರೆಗೆ ನಾನೇ ಬಿಟ್ಟಿರುತ್ತೇನೆ’ ಎಂದು ಒಮ್ಮೆಲೇ ನಿಲ್ಲಿಸಬೇಡಿ. ವರ್ಷಗಟ್ಟಲೆ ದಿನವೂ ಕುಡಿದ ದೇಹಕ್ಕೆ ಮದ್ಯ ತಪ್ಪಿದರೆ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಗೊಂದಲವಾಗುತ್ತದೆ, ಪ್ರಾಣಕ್ಕೂ ಅಪಾಯವಾಗುತ್ತದೆ. ದಿನ ಮುಂದೆ ಹೋದರೆ ಅಂದೇ ವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ನಡೆಯಿರಿ. ‘ದಾಖಲಾತಿ ಮುಂದೂಡುವುದು ಸೂಕ್ತವಲ್ಲ’ ಎಂಬ ಒಂದು ಸಾಲನ್ನು ಅವರ ಪತ್ರದಲ್ಲೇ ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ಇಂಥ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಮೊಬೈಲ್ ಒಳಗೆ ಬಿಡುವುದಿಲ್ಲ. ಕಚೇರಿಯಿಂದ ಹತ್ತು ಸಲ ಕರೆ ಬಂದು, ಯಾರೂ ಎತ್ತದೆ, ಕೊನೆಗೆ ‘ಅನಧಿಕೃತ ಗೈರುಹಾಜರಿ’ ಎಂಬ ನೋಟಿಸು ಮನೆ ಬಾಗಿಲಿಗೆ ಬಂದದ್ದುಂಟು. ಅರ್ಜಿಯಲ್ಲಿ ಮನೆಯವರೊಬ್ಬರ ಫೋನ್ ಸಂಖ್ಯೆ ಕೊಡಿ. ಇನ್ನೊಂದು ಪ್ರತಿಯ ಮೇಲೆ ದಿನಾಂಕ, ಮುದ್ರೆ ಹಾಕಿಸಿಕೊಂಡು ಮಂಜೂರಾತಿ ಪತ್ರದ ಜೊತೆಗೆ ಅದನ್ನೂ ಅವರ ಬಳಿಯೇ ಬಿಟ್ಟು ಹೋಗಿ. ಮಂಜೂರಾತಿ ಬಾಯಿಮಾತಿನಲ್ಲಿ ಬಂದರೆ ಬರೆದುಕೊಡಲು ಕೇಳಿ. ಎರಡು ಮೆಮೊ ಇರುವ ನಿಮಗೆ ಬಾಯಿಮಾತು ಸಾಲದು.

ಕರಡು ಬರೆದ ಮೇಲೆ ಹೆಸರು, ಕಂಪನಿ ಅಳಿಸಿ ನನಗೊಮ್ಮೆ ಕಳುಹಿಸಿ, ಓದಿ ಹೇಳುತ್ತೇನೆ.

– ಸಂಪಾದಕ