‘ಮುಂದೇನು ಅಂತ ಗೊತ್ತಿತ್ತು, ಆದರೆ ಅದು ಹೇಳಲಿಲ್ಲ’

ಬೆಳಗಿನ ಕೆಲಸಗಳಿಗೆ ಫೋನಿನಲ್ಲಿ ರಿಮೈಂಡರ್‌ಗಳ ಸರಪಳಿ ಕಟ್ಟಿಕೊಂಡವರು ಈಚೆಗೆ ಸಲಹೆ ಕೇಳಿ ನನ್ನ ಬಳಿ ಪದೇ ಪದೇ ಬರುತ್ತಿದ್ದಾರೆ. ಒಂದು ಮುಗಿದರೆ ಇನ್ನೊಂದು ತಾನಾಗಿ ಶುರುವಾಗುವಂತೆ ಆಟೊಮೇಷನ್ ಆಪ್‌ನಲ್ಲಿ ನಿಯಮ ಬರೆದಿರುತ್ತಾರೆ. ಕೆಲವು ವಾರ ಎಲ್ಲವೂ ಚೆನ್ನಾಗಿ ನಡೆಯುತ್ತದೆ. ಆಮೇಲೆ ಒಂದು ದಿನ ಸರಪಳಿ ತುಂಡಾಗುತ್ತದೆ, ಜೊತೆಗೆ ಇವರ ಧೈರ್ಯವೂ ಉಡುಗುತ್ತದೆ. ಅಂಥವರಲ್ಲಿ ಒಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಅವರು ಉದ್ಯೋಗಸ್ಥ ಮಹಿಳೆ. ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿ ಎಂಬ ಸ್ಥಿತಿ ಇದೆಯೆಂದು ಮನೋವೈದ್ಯರು ಗುರುತಿಸಿದ್ದು ದೊಡ್ಡವರಾದ ಮೇಲೆ. ಹೊತ್ತು ಸರಿಯುವುದು ಅವರ ಅರಿವಿಗೆ ಬರುವುದಿಲ್ಲ. ಹತ್ತು ನಿಮಿಷ ಎಂದುಕೊಂಡಿದ್ದು ನಲವತ್ತಾಗಿರುತ್ತದೆ. ಮೊದಲು ಗಡಿಯಾರದ ಪ್ರಕಾರ ಅಲಾರಂ ಇಟ್ಟಿದ್ದರು: 6:30ಕ್ಕೆ ಏಳು, 6:40ಕ್ಕೆ ಹಲ್ಲುಜ್ಜು, 6:50ಕ್ಕೆ ಸ್ನಾನ. ಏಳುವುದು ಕಾಲು ಗಂಟೆ ತಡವಾದರೆ ಮುಂದಿನ ಎಲ್ಲ ಅಲಾರಂಗಳೂ ಸುಳ್ಳು ಹೇಳತೊಡಗುತ್ತವೆ. ಸುಳ್ಳು ಹೇಳುವ ಅಲಾರಂಗೆ ಕಿವಿ ಬೇಗ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಅವರು ಸರಪಳಿಗೆ ಬಂದರು. ಅಲಾರಂ ನಿಲ್ಲಿಸಿದರೆ ಮೊದಲ ಸೂಚನೆ ಬರುತ್ತದೆ. ಅದರ ಕೆಳಗೆ ‘ಮುಗಿಯಿತು’ ಎಂಬ ಬಟನ್. ಆ ಬಟನ್ ಒತ್ತಿದ್ದೇ ಮುಂದಿನ ನಿಯಮವನ್ನು ಶುರು ಮಾಡುವ ಟ್ರಿಗರ್. ಎಷ್ಟನೆಯ ಹಂತ ಎಂದು ನೆನಪಿಡಲು ‘ಹಂತ’ ಹೆಸರಿನ, ಅಂಕಿಯೊಂದನ್ನು ಹಿಡಿದಿಡುವ ಒಂದು ವೇರಿಯಬಲ್ ಇತ್ತು. ನೀರು ಕುಡಿಯುವುದರಿಂದ ಹಿಡಿದು ಬೀಗ ಹಾಕುವವರೆಗೆ ಒಟ್ಟು ಒಂಬತ್ತು ಕೊಂಡಿ.

ಈ ಬದಲಾವಣೆಯ ಹಿಂದಿನ ಯೋಚನೆ ಸರಿಯಾಗಿಯೇ ಇತ್ತು. ‘ಇಷ್ಟು ಗಂಟೆಗೆ ಇದನ್ನು ಮಾಡಬೇಕು’ ಎಂದು ನೆನಪಿಡುವುದಕ್ಕಿಂತ ‘ಇದಾದ ಕೂಡಲೇ ಅದನ್ನು ಮಾಡಬೇಕು’ ಎಂದು ನೆನಪಿಡುವುದು ಸಾಮಾನ್ಯವಾಗಿ ಸುಲಭ. ನೆನಪಿನ ಅಧ್ಯಯನದಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿಯೇ ನೋಡುತ್ತಾರೆ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ತೊಂಬತ್ತರ ದಶಕದಲ್ಲಿ ಮುಂದಿಟ್ಟ ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂಬ ಸಂಕಲ್ಪದ ವಿಧಾನವೂ ಇದೇ ದಾರಿಯದು. ಆಪ್‌ನ ಟ್ರಿಗರ್ ಮತ್ತು ಅದು ನಡೆಸುವ ಆ್ಯಕ್ಷನ್ ನೋಡುವುದಕ್ಕೆ ಈ ವಿಧಾನದ್ದೇ ರೂಪ, ಅದರ ತದ್ರೂಪದಂತೆಯೇ ಇವೆ. ಈ ಹೋಲಿಕೆಯಲ್ಲೇ ತೊಡಕು ಅಡಗಿದೆ ಎಂಬುದು ಒಂದು ಭೇಟಿಯಲ್ಲಿ ಅವರು ಆಡಿದ ಮಾತಿನಿಂದ ನನಗೆ ಸ್ಪಷ್ಟವಾಯಿತು.

ಆ ವಾರ ಎರಡು ದಿನ ಸತತವಾಗಿ ಕೆಲಸಕ್ಕೆ ಬಹಳ ತಡವಾಗಿತ್ತಂತೆ. ಏನಾಯಿತೆಂದು ನಿಮಿಷ ನಿಮಿಷವಾಗಿ ಹೇಳಿ ಎಂದೆ. ಮೊದಲ ದಿನ ಹಲ್ಲುಜ್ಜುವಾಗ ಯಾರದೋ ಕರೆ ಬಂದಿದೆ. ಮಾತು ಮುಗಿಸಿ ಪರದೆಯ ಮೇಲಿದ್ದ ನೋಟಿಫಿಕೇಷನ್‌ಗಳನ್ನೆಲ್ಲ ಒಟ್ಟಿಗೆ ಸರಿಸಿ ಅಳಿಸಿದ್ದಾರೆ. ಅದರೊಂದಿಗೆ ‘ಮುಗಿಯಿತು’ ಬಟನ್ ಇದ್ದ ಸೂಚನೆಯೂ ಹೋಗಿದೆ. ಬಟನ್ ಒತ್ತಲಿಲ್ಲ, ಆದ್ದರಿಂದ ಮುಂದಿನ ಸೂಚನೆ ಬರಲಿಲ್ಲ.

“ಆಗ ನೀವು ಏನು ಮಾಡಿದಿರಿ?”

“ಹಾಸಿಗೆಯ ಅಂಚಿನಲ್ಲಿ ಕೂತೆ. ಕಾಯ್ತಾ ಇದ್ದೆ.”

“ಮುಂದಿನ ಕೆಲಸ ಯಾವುದು ಅಂತ ಮರೆತುಹೋಗಿತ್ತಾ?”

“ಇಲ್ಲ ಮೇಡಂ. ಸ್ನಾನ. ಮುಂದೇನು ಅಂತ ಗೊತ್ತಿತ್ತು, ಆದರೆ ಅದು ಹೇಳಲಿಲ್ಲ.”

ಹೇಳಿದ ಮೇಲೆ ಅವರಿಗೇ ಗಾಬರಿಯಾಯಿತು. ತನ್ನ ಬುದ್ಧಿ ಫೋನಿನ ಕೈಗೆ ಹೋಯಿತೇ ಎಂದು ಕೇಳಿದರು. ಹಾಗಲ್ಲ ಎಂದೆ, ಏಕೆ ಅಲ್ಲ ಎಂಬುದನ್ನೂ ಬಿಡಿಸಿ ಹೇಳಿದೆ. ಅವರ ಸಂಕಲ್ಪ ‘ಹಲ್ಲುಜ್ಜಿ ಆದ ಕೂಡಲೇ ಸ್ನಾನ’ ಎಂದು ಇರಬೇಕಿತ್ತು. ಆಪ್‌ನಲ್ಲಿ ಅದು ‘ಬಟನ್ ಒತ್ತಿದ ಕೂಡಲೇ ಸದ್ದು, ಸದ್ದಾದ ಕೂಡಲೇ ಸ್ನಾನ’ ಎಂದಾಗಿತ್ತು. ಇಷ್ಟು ದಿನ ಅಭ್ಯಾಸವಾಗಿದ್ದು ಎರಡನೆಯದು. ಬಾಯಿ ಮುಕ್ಕಳಿಸಿ ಬ್ರಷ್ ಕೆಳಗಿಡುವ ಆ ಗಳಿಗೆ ಮುಂದಿನದಕ್ಕೆ ಗುರುತಾಗುವ ಬದಲು ಫೋನಿನ ಸದ್ದೇ ಗುರುತಾಗಿ ಕೂತಿತ್ತು. ಸದ್ದು ಬಾರದಿದ್ದಾಗ ಮನಸ್ಸು ತನಗೆ ಗೊತ್ತಿದ್ದುದನ್ನು ಕೈಗೆತ್ತಿಕೊಳ್ಳದೆ ಕಾದಿದೆ. ಒಂಬತ್ತು ಸಲ ಕೇಳಿ ಒಂಬತ್ತು ಸಲ ನಡೆಯುವಂತೆ ಕಟ್ಟಿದ ವ್ಯವಸ್ಥೆ ಕಲಿಸುವುದು ಕಾಯುವುದನ್ನೇ.

ಎರಡನೆಯ ದಿನ ಕೆಟ್ಟಿದ್ದಕ್ಕೆ ಕಾರಣ ಬೇರೆ. ‘ಹಂತ’ವನ್ನು ಮತ್ತೆ ಸೊನ್ನೆಗೆ ತರುವ ಕೆಲಸವನ್ನು ಅವರು ಕೊನೆಯ ಕೊಂಡಿಗೆ ವಹಿಸಿದ್ದರು. ಸರಪಳಿ ನಡುವೆಯೇ ತುಂಡಾದ್ದರಿಂದ ಕೊನೆಯ ಕೊಂಡಿ ಓಡಲೇ ಇಲ್ಲ. ‘ಹಂತ’ 2ರಲ್ಲೇ ನಿಂತಿತ್ತು. ‘ಹಂತ 0 ಇದ್ದರೆ ಮಾತ್ರ ಶುರುವಾಗು’ ಎಂಬ ಷರತ್ತಿನ ಮೊದಲ ನಿಯಮ ಮರುದಿನ ಸುಮ್ಮನಾಯಿತು. ಆಪ್‌ನ ಲಾಗ್ ತೆರೆದು ನೋಡಿದರೆ ಇದೆಲ್ಲ ಕಾಣುತ್ತದೆ: ಯಾವ ನಿಯಮ ಎಷ್ಟು ಗಂಟೆಗೆ ಓಡಿತು, ಯಾವುದು ಷರತ್ತಿನಿಂದ ತಡೆಯಲ್ಪಟ್ಟಿತು ಎಂಬ ದಾಖಲೆ ಅಲ್ಲಿರುತ್ತದೆ. ಅದನ್ನು ಒಟ್ಟಿಗೆ ಓದಿದ್ದು ಅವರಿಗೆ ದೊಡ್ಡ ನೆಮ್ಮದಿ ಕೊಟ್ಟಿತು. ಎರಡು ದಿನದ ಸೋಲಿಗೆ ತನ್ನ ಸೋಮಾರಿತನವೇ ಕಾರಣ ಎಂದು ಅಲ್ಲಿಯವರೆಗೆ ನಂಬಿದ್ದರು.

ಪ್ರತಿ ಕೊಂಡಿಗೂ ಒಂದು ಬದಲಿ ರಿಮೈಂಡರ್ ಸೇರಿಸೋಣ, ಮೂರು ನಿಮಿಷದಲ್ಲಿ ಬಟನ್ ಒತ್ತದಿದ್ದರೆ ಮತ್ತೆ ಕೂಗಲಿ ಎಂದು ಅವರು ಕೇಳಿದರು. ಬೇಡ ಎಂದೆ. ಲೆಕ್ಕ ಹಾಕಿ ತೋರಿಸಿದೆ. ಒಂದೊಂದು ಕೊಂಡಿಯೂ ನೂರರಲ್ಲಿ 95 ಸಲ ಸರಿಯಾಗಿ ನಡೆಯುತ್ತದೆ ಎಂದಿಟ್ಟುಕೊಂಡರೂ, ಒಂಬತ್ತೂ ತುಂಡಾಗದೆ ಸಾಗುವ ಬೆಳಗುಗಳು ನೂರಕ್ಕೆ ಸುಮಾರು 63 ಮಾತ್ರ. ಮೂರೇ ಕೊಂಡಿಯಾದರೆ 86ರ ಹತ್ತಿರ. ಬದಲಿ ರಿಮೈಂಡರ್‌ಗಳು ಈ ಲೆಕ್ಕವನ್ನು ತುಸು ಸರಿಪಡಿಸಬಹುದು, ಆದರೆ ಕಾಯುವ ಅಭ್ಯಾಸವನ್ನು ಇನ್ನಷ್ಟು ಗಟ್ಟಿ ಮಾಡುತ್ತವೆ. ನನ್ನ ಚಿಂತೆ ಇದ್ದದ್ದು ಅದರ ಬಗ್ಗೆ.

ಹಾಗಾದರೆ ಆಪ್ ತೆಗೆದೇ ಹಾಕಿ ಎನ್ನಬಹುದಿತ್ತಲ್ಲ ಎಂದು ಒಬ್ಬ ಸಹೋದ್ಯೋಗಿ ನನ್ನನ್ನು ಕೇಳಿದರು. ಅದನ್ನು ನಾನು ಒಪ್ಪುವುದಿಲ್ಲ. ಹೊತ್ತಿನ ಅರಿವು ಒಳಗಿನಿಂದ ಸಿಗದವರಿಗೆ ಹೊರಗಿನಿಂದ ಸಿಗಬೇಕು, ಅದು ಅವರ ಹಕ್ಕು. ಶಿಸ್ತು ಬೆಳೆಸಿಕೊಳ್ಳಿ ಎಂಬ ಮಾತನ್ನು ಅವರು ಶಾಲೆಯ ದಿನಗಳಿಂದ ಕೇಳಿದ್ದಾರೆ, ಅದರಿಂದ ಒಂದು ದಿನವೂ ಬೇಗ ಹೊರಟಿಲ್ಲ. ಆಸರೆ ಎಲ್ಲಿ ಬೇಕೋ ಅಲ್ಲಿರಲಿ, ಬೇಡದ ಕಡೆ ಇರುವುದು ಬೇಡ. ನನ್ನ ಸಲಹೆಯ ಆಧಾರ ಇಷ್ಟೇ.

ಎಲ್ಲಿ ಬೇಕು ಎಂದು ತಿಳಿಯಲು ಒಂದು ವಾರ ತಾನು ಎಲ್ಲಿ ನಿಂತುಹೋಗುತ್ತೇನೆ ಎಂಬುದನ್ನಷ್ಟೇ ಬರೆದಿಡಲು ಹೇಳಿದೆ. ಒಂಬತ್ತು ಕಡೆ ಅಲ್ಲ, ಎರಡೇ ಕಡೆ ನಿಲ್ಲುತ್ತಿದ್ದರು. ಎದ್ದ ಮೇಲೆ ಫೋನ್ ಹಿಡಿದು ಹಾಸಿಗೆಯಲ್ಲೇ ಉಳಿಯುವುದು ಒಂದು. ಸ್ನಾನ ಮುಗಿಸಿ ಬಂದು ಕೂತು ಎಲ್ಲೋ ಕಳೆದುಹೋಗುವುದು ಇನ್ನೊಂದು. ಹಲ್ಲುಜ್ಜುವುದರಿಂದ ಸ್ನಾನಕ್ಕೆ ಹೋಗುವುದು ಒಂದೇ ಕೋಣೆಯೊಳಗಿನ ಮಾತು, ಸದ್ದೇ ಇಲ್ಲದಿದ್ದರೆ ತಾನಾಗಿ ಸಾಗುತ್ತಿತ್ತು.

ಆಮೇಲೆ ಮೂರು ನಿಯಮ ಬರೆದೆವು. ಮೊದಲನೆಯದು, ಸ್ನಾನದ ಕೋಣೆಯ ಬಾಗಿಲಿಗೆ ಫೋನ್ ಹತ್ತಿರ ತಂದರೆ ಓದಬಲ್ಲ ಒಂದು ಎನ್‌ಎಫ್‌ಸಿ ಸ್ಟಿಕ್ಕರ್. ಫೋನನ್ನು ಅದಕ್ಕೆ ತಾಗಿಸಿದರೆ ‘ಹಂತ’ 1 ಆಗುತ್ತದೆ, 25 ನಿಮಿಷದ ಟೈಮರ್ ಶುರುವಾಗುತ್ತದೆ. ಬೆಳಿಗ್ಗೆ 6ರಿಂದ 8ರ ನಡುವೆ, ‘ಹಂತ’ 0 ಇದ್ದಾಗ ಮಾತ್ರ ಎಂಬ ಷರತ್ತು ಹಾಕಿದೆವು. ಇಲ್ಲದಿದ್ದರೆ ಎರಡು ಸಲ ತಾಗಿಸಿದರೆ ಎರಡು ಸರಪಳಿ ಓಡುತ್ತವೆ. ಬಟನ್ ಬದಲು ಸ್ಟಿಕ್ಕರ್ ಏಕೆಂದರೆ ಬಟನ್ನನ್ನು ಹಾಸಿಗೆಯಿಂದಲೂ ಒತ್ತಬಹುದು. ಸ್ಟಿಕ್ಕರ್ ಓದುವುದು ಕೆಲವೇ ಸೆಂಟಿಮೀಟರ್ ದೂರದಿಂದ, ಅಲ್ಲಿಗೆ ನಡೆದೇ ಹೋಗಬೇಕು. ಆಂಡ್ರಾಯ್ಡ್ ಫೋನ್ ಸಾಮಾನ್ಯವಾಗಿ ಲಾಕ್ ತೆರೆದಿದ್ದಾಗ ಮಾತ್ರ ಅದನ್ನು ಓದುತ್ತದೆ. ಲೋಹದ ಮೇಲೆ ಅಂಟಿಸಿದ ಮಾಮೂಲಿ ಸ್ಟಿಕ್ಕರ್ ಕೆಲಸ ಮಾಡುವುದಿಲ್ಲ, ಮರದ ಅಥವಾ ಪ್ಲಾಸ್ಟಿಕ್ ಬಾಗಿಲಾದರೆ ತೊಂದರೆಯಿಲ್ಲ.

25 ನಿಮಿಷವನ್ನು ಆಪ್‌ನ ಒಳಗೇ ‘ಇಷ್ಟು ಹೊತ್ತು ಕಾಯಿ’ ಎಂದು ಬರೆಯಬೇಡಿ, ಫೋನಿನ ಗಡಿಯಾರದ ಟೈಮರನ್ನೇ ಶುರು ಮಾಡಿಸಿ ಎಂದು ಹೇಳಿದ್ದೆ. ಪರದೆ ಆರಿ ಫೋನ್ ಅಲುಗಾಡದೆ ಬಿದ್ದಿದ್ದರೆ ಬ್ಯಾಟರಿ ಉಳಿಸಲು ಅದು ಹಿನ್ನೆಲೆಯ ಆಪ್‌ಗಳನ್ನು ಮಲಗಿಸುತ್ತದೆ. ಆಂಡ್ರಾಯ್ಡ್‌ನಲ್ಲಿ 6.0 ಆವೃತ್ತಿಯಿಂದ ಈ ವ್ಯವಸ್ಥೆ ಇದೆ. ಕಾಯುತ್ತಿರುವ ನಿಯಮವೂ ಆಗ ಮಲಗಿಬಿಡಬಹುದು, ಫೋನ್ ಕೈಗೆತ್ತಿಕೊಂಡಾಗ ತಡವಾಗಿ ಎದ್ದು ಕೂಗಬಹುದು. ಗಡಿಯಾರದ ಟೈಮರ್‌ಗೆ ಈ ತೊಂದರೆ ಇಲ್ಲ. ಆ ಟೈಮರ್ ಬಾರಿಸಿದಾಗ ಕಾಣುವ ಬರಹವನ್ನೂ ಬದಲಿಸಿದೆವು. ಮೊದಲು ‘ಬಟ್ಟೆ ಹಾಕಿಕೋ’ ಎಂದಿತ್ತು, ಈಗ ‘ಮುಂದೇನು?’ ಎಂದಷ್ಟೇ. ಉತ್ತರ ಅವರಿಗೆ ಗೊತ್ತಿದೆ. ಅದನ್ನು ಅವರೇ ಹೇಳಿಕೊಳ್ಳಲಿ ಎಂಬುದು ನನ್ನ ಉದ್ದೇಶ.

ಉಳಿದೆರಡು ನಿಯಮ ಗಡಿಯಾರದವು. 6:40 ಆದಾಗ ‘ಹಂತ’ ಇನ್ನೂ 0 ಇದ್ದರೆ ಜೋರಾಗಿ ಬಾರಿಸುವುದು ಒಂದು. 8:05ಕ್ಕೆ ಏನೇ ಆಗಿರಲಿ, ಎಷ್ಟೇ ಉಳಿದಿರಲಿ, ‘ಹೊರಡುವ ಹೊತ್ತು’ ಎಂದು ಹೇಳಿ ‘ಹಂತ’ವನ್ನು ಸೊನ್ನೆಗೆ ತರುವುದು ಇನ್ನೊಂದು. ಇದು ಯಾವ ಕೊಂಡಿಯನ್ನೂ ಕೇಳುವುದಿಲ್ಲ. ಸರಪಳಿ ಎಲ್ಲೇ ತುಂಡಾಗಿದ್ದರೂ ನಷ್ಟ ಆ ದಿನಕ್ಕೇ ಮುಗಿಯುತ್ತದೆ.

ಮಾತ್ರೆಯ ವಿಷಯದಲ್ಲಿ ಮಾತ್ರ ನಾನು ಖಂಡಿತವಾಗಿ ಹೇಳಿದೆ. ಅವರು ಅದನ್ನು ಐದನೆಯ ಕೊಂಡಿಯಾಗಿ ಇಟ್ಟಿದ್ದರು. ಅಂದರೆ ಹಲ್ಲುಜ್ಜುವಾಗ ಬಂದ ಒಂದು ಕರೆಯಿಂದ ಎರಡು ದಿನ ಮಾತ್ರೆಯ ಸೂಚನೆಯೂ ಬಂದಿರಲಿಲ್ಲ. ವೈದ್ಯರು ಹೇಳಿದ ಹೊತ್ತಿಗೆ ಬಾರಿಸುವ ಪ್ರತ್ಯೇಕ ಅಲಾರಂ ಇಡಿ, ಅದನ್ನು ಬೇರೆ ಯಾವ ಕೆಲಸದ ಬೆನ್ನಿಗೂ ಕಟ್ಟಬೇಡಿ ಎಂದೆ. ತಪ್ಪಿದ ಮಾತ್ರೆಗಳ ಬಗ್ಗೆ ವೈದ್ಯರಿಗೆ ಅವರೇ ಫೋನ್ ಮಾಡಿ ತಿಳಿಸಿದರು.

ಕೆಲವು ತಿಂಗಳ ನಂತರ ಬಂದಾಗ, ಸ್ಟಿಕ್ಕರ್ ಒಮ್ಮೆ ಕಿತ್ತುಹೋಗಿದ್ದನ್ನು ಹೇಳಿದರು. 6:40ರ ಅಲಾರಂ ಬಾರಿಸಿದೆ, ತಾಗಿಸಲು ಸ್ಟಿಕ್ಕರ್ ಇಲ್ಲ, ಅಲಾರಂ ನಿಲ್ಲಿಸಿ ಸ್ನಾನಕ್ಕೆ ಹೋಗಿದ್ದಾರೆ. ‘ಮುಂದೇನು?’ ಬರಲಿಲ್ಲ ಎಂಬುದು ಅವರ ಗಮನಕ್ಕೆ ಬಂದದ್ದು ಬೀಗ ಹಾಕುವಾಗ.

ಇದೇ ಸಲಹೆಯನ್ನು ಎಲ್ಲರಿಗೂ ಕೊಡುವುದಿಲ್ಲ. ಸರಪಳಿ ತುಂಡಾಯಿತು ಎಂದು ಬಂದವರನ್ನು ಮೊದಲು ಕೇಳುವುದು, ಸೂಚನೆ ಬಂದ ದಿನಗಳಲ್ಲಿ ನೀವು ಏಳುತ್ತೀರಾ ಎಂದು. ಸದ್ದು ಕೇಳಿದೆ, ಮುಂದೇನೆಂದು ಗೊತ್ತಿದೆ, ಆದರೂ ಏಳಬೇಕು ಎನಿಸುವುದಿಲ್ಲ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಈಗ ಬೇಡ, ಎರಡು ವಾರದಿಂದ ಹೀಗೇ ಇದೆ ಎಂದರೆ ಆಪ್‌ನ ಮಾತನ್ನು ಅಲ್ಲಿಗೇ ನಿಲ್ಲಿಸುತ್ತೇನೆ. ಅದು ಖಿನ್ನತೆ ಇರಬಹುದು. ಅಂಥವರನ್ನು ನಿಯಮ ಬರೆಯಲು ಕೂರಿಸದೆ ಮನೋವೈದ್ಯರ ಬಳಿಗೆ ಕಳಿಸುತ್ತೇನೆ.